ಜಿಲ್ಲೆಗಳ ಬೆಳವಣಿಗೆ ದರದ ಪಟ್ಟಿ: ಕೋಲಾರದಲ್ಲಿ ಸಿಕ್ಕಿಕೊಂಡ ಲೆಕ್ಕ

ಮೊದಲ ಭಾನುವಾರ

ಕರ್ನಾಟಕದ ಪ್ರತಿ ಜಿಲ್ಲೆಯ ಜನಸಂಖ್ಯೆ ವರ್ಷಕ್ಕೆ ಶೇಕಡಾ ಎಷ್ಟು ಬೆಳೆದಿದೆ ಅಂತ ಒಂದು ಪಟ್ಟಿ ಮಾಡಬೇಕು ಅನ್ನೋದು ಬಹಳ ದಿನದ ಆಸೆ. ಇವತ್ತು ಸ್ಪ್ರೆಡ್‌ಶೀಟ್ ತೆರೆದು ಶುರು ಮಾಡಿದೆ. ಮೊದಲು 2001 ಮತ್ತು 2011ರ ಜನಗಣತಿ ಸಾಕು. ಜಿಲ್ಲೆಗಳಿಗೆ ಹೋಗುವ ಮುಂಚೆ ಇಡೀ ರಾಜ್ಯದ ಲೆಕ್ಕ ಮಾಡಿ ಕೈ ಪಳಗಿಸಿಕೊಂಡೆ.

2001ರಲ್ಲಿ ರಾಜ್ಯದ ಜನಸಂಖ್ಯೆ 5,28,50,562. 2011ರಲ್ಲಿ 6,10,95,297. ಹತ್ತು ವರ್ಷದಲ್ಲಿ ಶೇ 15.6 ಹೆಚ್ಚಳ. ಹತ್ತರಿಂದ ಭಾಗಿಸಿದರೆ ವರ್ಷಕ್ಕೆ ಶೇ 1.56. ಅಷ್ಟೇ ಅಲ್ವಾ ಅಂದುಕೊಂಡು ಬರೆದಿಟ್ಟೆ. ಆಮೇಲೆ ಸರಿಯಿದೆಯಾ ನೋಡೋಣ ಅಂತ 2001ರ ಸಂಖ್ಯೆಯನ್ನು 1.0156ರಿಂದ ಹತ್ತು ಸಲ ಗುಣಿಸುತ್ತಾ ಹೋದೆ. ಬಂದದ್ದು ಸುಮಾರು 6 ಕೋಟಿ 17 ಲಕ್ಷ. ನಿಜವಾದ ಸಂಖ್ಯೆಗಿಂತ 6 ಲಕ್ಷ ಜಾಸ್ತಿ. 2011ರಲ್ಲಿ ಇಡೀ ಕೊಡಗು ಜಿಲ್ಲೆಯ ಜನ 5,54,519. ಅಂದರೆ ನನ್ನ ಲೆಕ್ಕ ಒಂದು ಕೊಡಗಿಗಿಂತ ದೊಡ್ಡ ತಪ್ಪು ಮಾಡಿತ್ತು.

ಕಾರಣ ಚಕ್ರಬಡ್ಡಿ ಗೊತ್ತಿರುವ ಯಾರಿಗಾದರೂ ಅರ್ಥವಾಗುತ್ತೆ. ಎರಡನೇ ವರ್ಷದ ಬೆಳವಣಿಗೆ 2001ರ ಜನರ ಮೇಲಲ್ಲ, ಮೊದಲ ವರ್ಷ ಸೇರಿಕೊಂಡವರನ್ನೂ ಒಳಗೊಂಡ ಜನರ ಮೇಲೆ. ಹಾಗಾಗಿ ನಮಗೆ ಬೇಕಿರುವುದು, ಹತ್ತು ಸಲ ತನ್ನಿಂದ ತಾನೇ ಗುಣಿಸಿದರೆ 1.156 ಆಗುವ ಸಂಖ್ಯೆ. ಅದನ್ನು ಹತ್ತನೇ ಮೂಲ ಅನ್ನುತ್ತಾರೆ. ಮೊದಲ ಸಂಖ್ಯೆ A2ನಲ್ಲಿ, ಕೊನೆಯದು B2ನಲ್ಲಿ, ವರ್ಷಗಳು C2ನಲ್ಲಿ ಇದ್ದರೆ ಸೂತ್ರ ಹೀಗೆ:

```
=(B2/A2)^(1/C2)-1
```

ಉತ್ತರ ಶೇ 1.46. ಇದರಿಂದ ಮುಂದಕ್ಕೆ ಗುಣಿಸಿದರೆ 2011ಕ್ಕೆ ಸುಮಾರು 1,350 ಜನ ಮಾತ್ರ ಕಡಿಮೆ ಬೀಳುತ್ತಾರೆ. ಅದು ದಶಮಾಂಶ ಎರಡನೇ ಸ್ಥಾನಕ್ಕೆ ನಿಲ್ಲಿಸಿದ್ದರಿಂದ ಬಂದ ವ್ಯತ್ಯಾಸ. ಹೀಗೆ ಮುಂದಕ್ಕೆ ಗುಣಿಸಿ ನೋಡುವುದನ್ನು ಪ್ರತಿ ಸಾಲಿಗೂ ಒಂದು ಕಾಲಮ್ಮಾಗಿ ಸೇರಿಸಿದ್ದೇನೆ.

ಅಪ್ಪನ ಹಳೆಯ ಲಾಗ್ ಟೇಬಲ್‌ನಲ್ಲೂ ಪ್ರಯತ್ನ ಮಾಡಿದೆ. 1.156ಕ್ಕೆ ಲಾಗ್ 0.0630, ಹತ್ತರಿಂದ ಭಾಗಿಸಿದರೆ 0.0063, ಆಂಟಿಲಾಗ್ 1.015. ಅಂದರೆ ಶೇ 1.5. ವಿಧಾನ ಸರಿ, ಆದರೆ ನಾಲ್ಕು ಅಂಕಿಯ ಟೇಬಲ್ ಇದಕ್ಕೆ ಸಾಲದು. ನಮಗೆ ಬೇಕಿರುವ ವ್ಯತ್ಯಾಸವೆಲ್ಲ ಮೂರನೇ, ನಾಲ್ಕನೇ ದಶಮಾಂಶದಲ್ಲೇ ಇರುತ್ತೆ.

ಎರಡನೇ ಭಾನುವಾರ

ಜಿಲ್ಲೆಗಳ ಸಂಖ್ಯೆ ತುಂಬಿದೆ. 2001ರದ್ದು ಆಗಿನ ಪುಸ್ತಕದಿಂದ, 2011ರದ್ದು ಈಚಿನ ಪಟ್ಟಿಯಿಂದ. ಸೂತ್ರವನ್ನು ಕೆಳಗೆ ಎಳೆದೆ. ಮೊದಲು ನೋಡಿದ್ದು ನಮ್ಮ ಕೋಲಾರ.

2001ರಲ್ಲಿ 25,36,069. 2011ರಲ್ಲಿ 15,36,401. ವರ್ಷಕ್ಕೆ ಮೈನಸ್ ಶೇ 4.89.

ಎದೆ ಧಸಕ್ಕೆಂದಿತು. ಹತ್ತು ವರ್ಷದಲ್ಲಿ ಹತ್ತು ಲಕ್ಷ ಜನ ಎಲ್ಲಿ ಹೋದರು? ಕೆಜಿಎಫ್ ಗಣಿ ಮುಚ್ಚಿದ್ದರಿಂದ ಇರಬಹುದಾ ಅಂತ ಒಂದು ಕ್ಷಣ ಅನ್ನಿಸಿತು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಆ ಸಲದ ಗಣತಿಯ ಲೆಕ್ಕ ನಿಲ್ಲುವುದು ಮಾರ್ಚ್ 1ರ ಸೊನ್ನೆ ಗಂಟೆಗೆ. ಅಂದರೆ ಮೊದಲ ಸಂಖ್ಯೆಯಲ್ಲಿ ಗಣಿಯ ಮನೆಗಳೆಲ್ಲ ಇನ್ನೂ ಸೇರಿವೆ. ಆದರೂ ಒಂದು ಊರಿನಿಂದ ಹತ್ತು ಲಕ್ಷ ಜನ ಹೋಗಲು ಸಾಧ್ಯವೇ ಇಲ್ಲ.

ಸಂಜೆ ಅಪ್ಪನಿಗೆ ತೋರಿಸಿದೆ. ಅವರು ಮೇಷ್ಟ್ರಾಗಿದ್ದವರು, ಗಣತಿ ಕೆಲಸಕ್ಕೂ ಮನೆ ಮನೆ ಸುತ್ತಿದವರು. ಹಾಳೆಯನ್ನು ಒಂದು ಸಲ ನೋಡಿದರು, ಅಷ್ಟೇ.

"ಚಿಂತಾಮಣಿ ಈಗ ಯಾವ ಜಿಲ್ಲೆಯಲ್ಲಿದೆಯೋ?" ಅಂದರು.

"ಚಿಕ್ಕಬಳ್ಳಾಪುರ, ಅಪ್ಪ."

"ನಾನು ಅಲ್ಲಿ ಕೆಲಸ ಮಾಡುವಾಗ ಅದು ಕೋಲಾರ ಜಿಲ್ಲೆ."

2007ರಲ್ಲಿ ಕೋಲಾರ ಜಿಲ್ಲೆಯನ್ನು ಒಡೆದು ಚಿಕ್ಕಬಳ್ಳಾಪುರ ಮಾಡಿದರು. ಹನ್ನೊಂದು ತಾಲ್ಲೂಕುಗಳಲ್ಲಿ ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟ, ಬಾಗೇಪಲ್ಲಿ, ಗುಡಿಬಂಡೆ ಆ ಕಡೆ ಹೋದವು. ಕೋಲಾರ, ಮಾಲೂರು, ಬಂಗಾರಪೇಟೆ, ಮುಳಬಾಗಿಲು, ಶ್ರೀನಿವಾಸಪುರ ಇಲ್ಲಿ ಉಳಿದವು. ನಾನು ಹನ್ನೊಂದು ತಾಲ್ಲೂಕಿನ ಜನರನ್ನು ಐದು ತಾಲ್ಲೂಕಿನ ಜನರ ಜೊತೆ ಹೋಲಿಸಿದ್ದೆ. ಸೂತ್ರದಲ್ಲಿ ತಪ್ಪಿರಲಿಲ್ಲ. ಅದಕ್ಕೆ ಕೊಟ್ಟ ಎರಡು ಸಂಖ್ಯೆಗಳು ಒಂದೇ ನೆಲದ್ದಾಗಿರಲಿಲ್ಲ.

ಅದೇ ವಾರ, ರಾತ್ರಿಗಳಲ್ಲಿ

ಇದನ್ನು ಸರಿಮಾಡಲು ಎರಡು ದಾರಿ ಇವೆ. ಎರಡನ್ನೂ ಮಾಡಿದೆ.

ಒಂದು, ಹಳೆಯ ಸಂಖ್ಯೆಯನ್ನು ಹೊಸ ಗಡಿಗೆ ತಕ್ಕಂತೆ ಒಡೆಯುವುದು. 2011ರ ಗಣತಿಯ ಪಟ್ಟಿಗಳಲ್ಲಿ 2001ರ ಸಂಖ್ಯೆಯನ್ನು ಹೊಸ ಗಡಿಗೆ ಹೊಂದಿಸಿಯೇ ಕೊಟ್ಟಿದ್ದಾರೆ. ಅದರ ಪ್ರಕಾರ ಈಗಿನ ಕೋಲಾರದ ಭಾಗದಲ್ಲಿ 2001ರಲ್ಲಿ 13,87,062 ಜನ, ಚಿಕ್ಕಬಳ್ಳಾಪುರದ ಭಾಗದಲ್ಲಿ 11,49,007 ಜನ. ಎರಡನ್ನೂ ಕೂಡಿಸಿದರೆ ಸರಿಯಾಗಿ 25,36,069. ಹಳೆಯ ಪುಸ್ತಕದ ಸಂಖ್ಯೆ, ಒಬ್ಬರೂ ಹೆಚ್ಚುಕಡಿಮೆ ಇಲ್ಲ. ಇದನ್ನು ಕಂಡಾಗ ಆದ ಸಮಾಧಾನ ಹೇಳತೀರದು. ಈಗ ಕೋಲಾರದ ದರ ವರ್ಷಕ್ಕೆ ಶೇ 1.03. ಚಿಕ್ಕಬಳ್ಳಾಪುರದ್ದು 2011ರಲ್ಲಿ 12,55,104 ಜನ, ದರ ಶೇ 0.89.

ಇನ್ನೊಂದು, ಹೊಸ ಜಿಲ್ಲೆಗಳನ್ನು ಮತ್ತೆ ಕೂಡಿಸಿ ಹಳೆಯ ಕೋಲಾರ ಮಾಡುವುದು. 2011ರಲ್ಲಿ ಎರಡೂ ಸೇರಿ 27,91,505. ಅದರಿಂದ ದರ ಶೇ 0.96. ಇದು 0.89 ಮತ್ತು 1.03ರ ನಡುವೆ ಬಿದ್ದಿದೆ, ಬೀಳಲೇಬೇಕು. ಕೂಡಿಸಿದ ಜಿಲ್ಲೆಯ ದರ ಅದರ ಎರಡು ಭಾಗಗಳ ದರಗಳ ಆಚೆಗೆ ಹೋದರೆ ಎಲ್ಲೋ ಒಂದು ಸಂಖ್ಯೆ ತಪ್ಪಿದೆ ಅಂತಲೇ ಅರ್ಥ. ತಾಲ್ಲೂಕುಗಳ ಹಳೆಯ ಸಂಖ್ಯೆ ಕೈಗೆ ಸಿಗದಿದ್ದರೆ ಈ ಎರಡನೇ ದಾರಿಯೇ ಗತಿ. ಭಾಗಗಳ ದರ ಬೇರೆ ಬೇರೆಯಾಗಿ ಸಿಗುವುದಿಲ್ಲ, ಆದರೆ ಸಿಕ್ಕಿದ್ದು ನಿಜವಾಗಿರುತ್ತೆ.

ಮೈನಸ್ ಬಂದ ಮಾತ್ರಕ್ಕೆ ತಪ್ಪು ಅಂತಲೂ ಅಲ್ಲ. ಚಿಕ್ಕಮಗಳೂರು ಇದೇ ಹತ್ತು ವರ್ಷದಲ್ಲಿ 11,40,905ರಿಂದ 11,37,961ಕ್ಕೆ ಇಳಿದಿದೆ. ವರ್ಷಕ್ಕೆ ಮೈನಸ್ ಶೇ 0.03. ಅದು ನಿಜವಾದ ಇಳಿಕೆ. ನಾನೀಗ ಇಟ್ಟುಕೊಂಡಿರುವ ಅಳತೆ ಇದು: ಜಿಲ್ಲೆಯ ದರ ಮೈನಸ್ ಒಂದಕ್ಕಿಂತ ಕೆಳಗೆ ಅಥವಾ ನಾಲ್ಕಕ್ಕಿಂತ ಮೇಲೆ ಹೋದರೆ ಮೊದಲು ಗಡಿ ನೋಡಬೇಕು. ಹುಟ್ಟಿನಿಂದಷ್ಟೇ ಜನಸಂಖ್ಯೆ ವರ್ಷಕ್ಕೆ ಶೇ 4ರಷ್ಟು ಬೆಳೆಯುವುದು ತೀರಾ ಅಪರೂಪ. ಬೆಂಗಳೂರು ನಗರ ಜಿಲ್ಲೆ ಮಾತ್ರ ಶೇ 3.94 ಬಂದು ಗೆರೆಯ ಹತ್ತಿರಕ್ಕೆ ಹೋಗಿದೆ. ಅಲ್ಲಿಗೆ ಹೊರಗಿನಿಂದ ಜನ ಬಂದು ಸೇರಿದ್ದು ಎಲ್ಲರಿಗೂ ಗೊತ್ತು.

ಇದೇ ಅಳತೆಯನ್ನು ರಾಜ್ಯದ ಮೇಲೂ ಹಾಕಿ ನೋಡಿದೆ. 1951ರ ಗಣತಿಯಲ್ಲಿ ಮೈಸೂರು ರಾಜ್ಯದ ಜನ ಸುಮಾರು 90 ಲಕ್ಷದ 75 ಸಾವಿರ. 1961ರಲ್ಲಿ ಅದೇ ಹೆಸರಿನ ರಾಜ್ಯದಲ್ಲಿ 2,35,86,772. ವರ್ಷಕ್ಕೆ ಶೇ 10! ನಡುವೆ 1956ರ ಏಕೀಕರಣ ಆಗಿದೆ. ಈಗಿನ ಗಡಿಗೆ ಹೊಂದಿಸಿದ 1951ರ ಸಂಖ್ಯೆ 1,94,01,956. ಅದನ್ನು ಹಾಕಿದರೆ ದರ ಶೇ 1.97ಕ್ಕೆ ಬಂದು ನಿಲ್ಲುತ್ತೆ.

ಮೂರನೇ ಭಾನುವಾರ

ಇವತ್ತು C ಕಾಲಮ್ಮಿನ ಸರದಿ. ಎಲ್ಲ ಸಾಲಿಗೂ ಕಣ್ಣು ಮುಚ್ಚಿ 10 ಅಂತ ಹಾಕಿದ್ದೆ. ಹಳೆಯ ದಶಕಗಳಿಗೆ ಹೋದಾಗ ಒಂದು ಕಡೆ ಅದು ಸರಿಯಲ್ಲ ಅಂತ ಗೊತ್ತಾಯಿತು. 1961ರ ಮತ್ತು 1981ರ ಗಣತಿಯ ಲೆಕ್ಕ ಮಾರ್ಚ್ 1ರದ್ದು. 1971ರದ್ದು ಮಾತ್ರ ಏಪ್ರಿಲ್ 1ರದ್ದು. ಆ ವರ್ಷದ ಮಾರ್ಚ್‌ನಲ್ಲಿ ಲೋಕಸಭೆ ಚುನಾವಣೆ ಬಂದಿದ್ದರಿಂದ ಗಣತಿ ಒಂದು ತಿಂಗಳು ಮುಂದೆ ಹೋಯಿತು. ಹಾಗಾಗಿ 1961ರಿಂದ 1971ಕ್ಕೆ ಹತ್ತು ವರ್ಷ ಒಂದು ತಿಂಗಳು, 10.08. 1971ರಿಂದ 1981ಕ್ಕೆ ಒಂದು ತಿಂಗಳು ಕಡಿಮೆ, 9.92.

1971ರಲ್ಲಿ ರಾಜ್ಯದ ಜನ 2,92,99,014, 1981ರಲ್ಲಿ 3,71,35,714. ಎರಡಕ್ಕೂ 10 ಹಾಕಿದರೆ ಮೊದಲ ದಶಕಕ್ಕೆ ಶೇ 2.19, ಎರಡನೆಯದಕ್ಕೆ 2.40. ತಿಂಗಳು ಸರಿಮಾಡಿದರೆ 2.17 ಮತ್ತು 2.42. ಒಂದೊಂದನ್ನೇ ನೋಡಿದರೆ ಸಣ್ಣದು. ಆದರೆ ಒಂದರಲ್ಲಿ ಇಳಿಯಿತು, ಇನ್ನೊಂದರಲ್ಲಿ ಏರಿತು. ನಾನು ನೋಡಬೇಕಿದ್ದದ್ದು ಎರಡು ದಶಕಗಳ ನಡುವಿನ ಏರಿಕೆಯನ್ನು. ಅದು 0.21ರಿಂದ 0.25ಕ್ಕೆ ಹೋಯಿತು. ಈಗ C ಕಾಲಮ್ಮಿನಲ್ಲಿ ತಾರೀಖುಗಳಿಂದಲೇ ವರ್ಷ ಲೆಕ್ಕ ಹಾಕುತ್ತಿದ್ದೇನೆ.

ಜೊತೆಗೆ 1911ರಿಂದ 1931ರ ಸಾಲನ್ನು ನೋಡಿದೆ. ಈಗಿನ ಗಡಿಯ ಪ್ರಕಾರ 1,35,25,251ರಿಂದ 1,46,32,992. ವರ್ಷಕ್ಕೆ ಶೇ 0.39. ನಿಧಾನವಾದ, ಶಾಂತವಾದ ಬೆಳವಣಿಗೆ ಅಂತ ಕಾಣುತ್ತೆ. ನಡುವಿನ 1921ರಲ್ಲಿ ಇದ್ದದ್ದು 1,33,77,599. ಮೊದಲ ಹತ್ತು ವರ್ಷದಲ್ಲಿ ಜನ ಕಡಿಮೆಯಾಗಿದ್ದಾರೆ. 1918ರ ಇನ್‌ಫ್ಲುಯೆಂಜಾ ಮನೆ ಮನೆಯನ್ನೂ ಹೊಕ್ಕ ದಶಕ ಅದು. ಆಮೇಲಿನ ಹತ್ತು ವರ್ಷದಲ್ಲಿ ದರ ಶೇ 0.90. ಸೂತ್ರ ಎರಡು ತುದಿಗಳನ್ನು ಬಿಟ್ಟು ನಡುವೆ ಏನನ್ನೂ ನೋಡುವುದಿಲ್ಲ. ಅದಕ್ಕೇ ನನ್ನ ಪಟ್ಟಿಯಲ್ಲಿ ಎರಡು ದಶಕ ದಾಟಿದ ಯಾವ ದರವನ್ನೂ ಒಂಟಿಯಾಗಿ ಬರೆಯುವುದಿಲ್ಲ ಅಂತ ತೀರ್ಮಾನಿಸಿದ್ದೇನೆ.

ಇನ್ನು ಉಳಿದದ್ದು

1991ರಿಂದ 2001ರ ದಶಕ. 1997ರಲ್ಲಿ ಏಳು ಹೊಸ ಜಿಲ್ಲೆಗಳು ಬಂದವು. ಧಾರವಾಡ ಸುಲಭ, ಗದಗ ಮತ್ತು ಹಾವೇರಿಯನ್ನು ಅದಕ್ಕೆ ಕೂಡಿಸಿದರೆ ಆಯಿತು. ದಾವಣಗೆರೆ ಹಾಗಲ್ಲ. ಅದಕ್ಕೆ ಆಗ ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು, ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ, ಬಳ್ಳಾರಿಯಿಂದ ಹರಪನಹಳ್ಳಿ ಬಂದಿದ್ದವು. ನಾಲ್ಕು ಜಿಲ್ಲೆಗಳನ್ನೂ ಒಂದೇ ಗುಂಪಾಗಿ ಕೂಡಿಸಬೇಕು, ಇಲ್ಲವೇ ತಾಲ್ಲೂಕು ತಾಲ್ಲೂಕಾಗಿ ಬಿಡಿಸಬೇಕು. ಬಿಡಿಸುವುದೇ ಸರಿ ಅಂತ ನನಗನ್ನಿಸುತ್ತೆ. ಮುಂದಿನ ಭಾನುವಾರ ಹರಪನಹಳ್ಳಿಯಿಂದ ಶುರು.