ಎರಡೂ ಅಷ್ಟ ದೊಡ್ಡವೇನು, ಚಿಗವ್ವ?

ಭಾನುವಾರ ಮಧ್ಯಾಹ್ನ ಅಕ್ಕನ ಮಗಳು ಪ್ರಾಕ್ಟಿಕಲ್ ರೆಕಾರ್ಡ್ ಹಿಡ್ಕೊಂಡು ನಮ್ಮ ಲ್ಯಾಬಿಗೆ ಬಂದಳು. ಗಂಗಾವತಿಯ ಒಂದು ಸಣ್ಣ ರಕ್ತ-ಮೂತ್ರ ಪರೀಕ್ಷೆಯ ಲ್ಯಾಬಿನಲ್ಲಿ ನನ್ನ ಕೆಲಸ. ಭಾನುವಾರ ಊಟದ ಹೊತ್ತಾದ ಮೇಲೆ ಜನ ಬರೋದು ಕಡಿಮೆ, ಮೈಕ್ರೋಸ್ಕೋಪ್ ಸುಮ್ನೆ ಕೂತಿರುತ್ತದೆ.

ರೆಕಾರ್ಡಿನ ಎಡಪುಟದಲ್ಲಿ ಉಳ್ಳಾಗಡ್ಡಿ ಪೊರೆಯ ಕೋಶ, ಬಲಪುಟದಲ್ಲಿ ಕೆನ್ನೆಯ ಕೋಶ. ಹುಡುಗಿಯ ಕೈ ಚೆನ್ನಾಗಿದೆ, ಗೆರೆ ಎಲ್ಲೂ ನಡುಗಿಲ್ಲ. ಎರಡೂ ಚಿತ್ರದ ಕೆಳಗೆ ಕೆಂಪು ಪೆನ್ನಿನಲ್ಲಿ 400× ಅಂತ ಇತ್ತು. ಆ ಜಾಗವನ್ನು ಅವಳು ಖಾಲಿ ಬಿಟ್ಟಿದ್ದಳಂತೆ. ಮೇಷ್ಟ್ರು ತಾವೇ ಬರೆದು ಸಹಿ ಹಾಕಿದ್ದಾರೆ.

“ಚಿಗವ್ವ, ಎರಡೂ ಅಷ್ಟ ದೊಡ್ಡವೇನು?” ಅಂತ ಕೇಳಿದಳು.

“ಯಾಕವ್ವಾ ಹಂಗ ಅನಿಸ್ತು?”

“ಎರಡಕ್ಕೂ 400 ಅಂತ ಬರದಾರ. ಚಿತ್ರ ನೋಡಿದ್ರ ಹೆಚ್ಚು ಕಡಿಮಿ ಒಂದ ಸೈಜ್ ಅದಾವು. ಹಂಗಂದ್ರ ಖರೇನೂ ಒಂದ ಸೈಜ್ ಇರಬೇಕಲ್ಲ?”

ಈ ವಾರವೆಲ್ಲ ಆ ಮಾತು ನನ್ನ ಬೆನ್ನು ಬಿಟ್ಟಿಲ್ಲ. ದಿನಾ ಮೂತ್ರದ ಸ್ಲೈಡ್ ನೋಡುವಾಗ ಎಪಿಥೀಲಿಯಲ್ ಕೋಶ ಕಣ್ಣಿಗೆ ಬಿದ್ದರೆ ಸಾಕು, ಅವಳ ಧ್ವನಿ ಕೇಳಿಸುತ್ತದೆ. ಒಂಬತ್ತನೇ ಕ್ಲಾಸಿನ ಹುಡುಗಿ ಎಷ್ಟು ಸರಿಯಾಗಿ ತರ್ಕ ಮಾಡಿದ್ದಾಳೆ ನೋಡಿ. ಎರಡು ಚಿತ್ರಗಳ ವರ್ಧನೆ ಒಂದೇ ಆಗಿದ್ದು, ಚಿತ್ರಗಳೂ ಒಂದೇ ಅಳತೆ ಇದ್ದರೆ ನಿಜವಾದ ಕೋಶಗಳೂ ಒಂದೇ ಅಳತೆ ಇರಲೇಬೇಕು. ತಪ್ಪಿದ್ದದ್ದು ಅವಳಿಗೆ ಕೊಟ್ಟ ಅಂಕಿಯಲ್ಲಿ.

ಹೇಳೋದಕ್ಕಿಂತ ತೋರಿಸೋದು ಮೇಲು ಅಂತ ಅಡುಗೆ ಮನೆಯಿಂದ ಒಂದು ಉಳ್ಳಾಗಡ್ಡಿ ತರಿಸಿದೆ. ಒಳಗಿನ ದಪ್ಪ ಪದರ ಒಂದನ್ನು ಮುರಿದು ಎಳೆದರೆ, ಒಳಬಾಗಿದ ಕಡೆಯಿಂದ ತೆಳ್ಳನೆಯ ಪಾರದರ್ಶಕ ಪೊರೆ ಬಿಟ್ಟುಕೊಂಡು ಬರುತ್ತದೆ. ಅದನ್ನು ಗಾಳಿಗೆ ಬಿಡಬಾರದು, ಕೂಡಲೇ ನೀರಿನ ಹನಿಗೆ ಹಾಕಬೇಕು. ಇಲ್ಲದಿದ್ದರೆ ಒಣಗಿ ಸುರುಳಿ ಸುತ್ತಿಕೊಳ್ಳುತ್ತದೆ. ಮಲಪರೀಕ್ಷೆಗೆ ನಾವು ಬಳಸುವ ಅಯೋಡಿನ್ ಇತ್ತು, ಅದರದ್ದೇ ಒಂದು ಹನಿ ಹಾಕಿದೆ. ಕವರ್ ಸ್ಲಿಪ್ ಹಾಕೋ ಕೆಲಸ ಅವಳಿಗೆ ಕೊಟ್ಟೆ. ಅವಳು ಮೇಲಿಂದ ಟಪ್ ಅಂತ ಬಿಟ್ಟಳು. ಕಣ್ಣಿಟ್ಟ ಕೂಡಲೇ “ಕೋಶ ಕಂಡ್ತು, ದುಂಡಗ ಅದ!” ಅಂದಳು. ಗಾಳಿಗುಳ್ಳೆ ಅದು. ಸುತ್ತ ದಪ್ಪ ಕಪ್ಪು ಅಂಚು, ಒಳಗೆ ಏನೂ ಇಲ್ಲ. ಫೋಕಸ್ ತಿರುಗಿಸಿದರೆ ಆ ಕಪ್ಪು ಅಂಚು ದಪ್ಪ-ಸಣ್ಣ ಆಗುತ್ತದೆ. ಕೋಶಕ್ಕೆ ಅಂಥ ಅಂಚು ಬರೋದಿಲ್ಲ, ಒಳಗೆ ಬಣ್ಣ ಹಿಡಿದ ಕೋಶಕೇಂದ್ರವೂ ಕಾಣಬೇಕು. ಎರಡನೇ ಸಲ ಕವರ್ ಸ್ಲಿಪ್ಪಿನ ಒಂದು ಅಂಚನ್ನು ಮೊದಲು ನೀರಿಗೆ ತಾಗಿಸಿ, ಸೂಜಿಯ ಆಸರೆಯಲ್ಲಿ ಮೆಲ್ಲಗೆ ಇಳಿಸಿದಳು. ಗುಳ್ಳೆ ಬರಲಿಲ್ಲ.

ಈಗ ಅಳತೆಯ ವಿಷಯ. ನನ್ನ ಮೈಕ್ರೋಸ್ಕೋಪಿನಲ್ಲಿ ಕಣ್ಣಿಡುವ ಲೆನ್ಸ್, ಅಂದರೆ ಐಪೀಸ್ ಮೇಲೆ 10×/18 ಅಂತ ಬರೆದಿದೆ. 10× ಅದರ ವರ್ಧನೆ. ಪಕ್ಕದ 18 ಅನ್ನು ಹೆಚ್ಚಿನವರು ನೋಡೋದೇ ಇಲ್ಲ, ನನಗೆ ಅದೇ ಜಾಸ್ತಿ ಉಪಯೋಗದ್ದು. ಅದನ್ನು ಸ್ಲೈಡಿನ ಹತ್ತಿರದ ಲೆನ್ಸ್, ಅಂದರೆ ಆಬ್ಜೆಕ್ಟಿವ್‌ನ ಅಂಕಿಯಿಂದ ಭಾಗಿಸಿದರೆ, ಕಣ್ಣಿಗೆ ಕಾಣುವ ಬೆಳಕಿನ ದುಂಡು ಎಷ್ಟು ಅಗಲ ಅಂತ ಮಿಲಿಮೀಟರಿನಲ್ಲಿ ಸಿಗುತ್ತದೆ. 4× ಆಬ್ಜೆಕ್ಟಿವ್‌ನಲ್ಲಿ 4.5 ಮಿ.ಮೀ. 10×ನಲ್ಲಿ 1.8 ಮಿ.ಮೀ. 40×ನಲ್ಲಿ 0.45 ಮಿ.ಮೀ. ಬಾಯಿಮಾತಿಗೆ ನಂಬಬೇಡ ಅಂತ ಅವಳ ಕಂಪಾಸ್ ಬಾಕ್ಸಿನ ಪಾರದರ್ಶಕ ಸ್ಕೇಲನ್ನೇ 4× ಕೆಳಗೆ ಇಟ್ಟೆ. ಮಿಲಿಮೀಟರ್ ಗೆರೆಗಳನ್ನು ಅವಳೇ ಎಣಿಸಿದಳು. ಸರಿಯಾಗಿ ನಾಲ್ಕೂವರೆ ಮನೆ ಕಂಡವು.

ಆಮೇಲೆ ಉಳ್ಳಾಗಡ್ಡಿಯನ್ನು 10× ಆಬ್ಜೆಕ್ಟಿವ್‌ನಲ್ಲಿ ನೋಡಿದೆವು. ಕೋಶಗಳ ಒಂದು ಸಾಲು ದುಂಡಿನ ನಟ್ಟನಡುವೆ ಈ ಅಂಚಿನಿಂದ ಆ ಅಂಚಿಗೆ ಹಾಯುವಂತೆ ಸ್ಲೈಡ್ ತಿರುಗಿಸಬೇಕು. ನಡು ತಪ್ಪಿದರೆ ಎಣಿಕೆ ಕಡಿಮೆ ಬರುತ್ತದೆ. ಆ ಸಾಲಿನಲ್ಲಿ ಉದ್ದಕ್ಕೆ ಆರು ಕೋಶ ಇದ್ದವು. 1.8 ಮಿ.ಮೀ. ಅಂದರೆ 1800 ಮೈಕ್ರಾನ್. ಆರರಿಂದ ಭಾಗಿಸಿದರೆ ಒಂದು ಕೋಶದ ಉದ್ದ ಸುಮಾರು 300 ಮೈಕ್ರಾನ್. ಎಲ್ಲ ಕೋಶಗಳೂ ಸಮ ಇರೋದಿಲ್ಲ, ಇದು ಸರಾಸರಿ. ಒಂದೇ ಕೋಶ ಆರಿಸಿ ಅಳೆಯೋದಕ್ಕಿಂತ ಈ ದಾರಿ ವಾಸಿ.

ಕೆನ್ನೆಯ ಕೋಶಕ್ಕೆ ಇಯರ್ ಬಡ್‌ನಿಂದ ಕೆನ್ನೆಯ ಒಳಗೆ ಮೆಲ್ಲಗೆ ಉಜ್ಜಿ, ಸ್ಲೈಡಿಗೆ ಸವರಿ, ಮೆಥಿಲೀನ್ ಬ್ಲೂ ಹಾಕಿದೆವು. ಬಣ್ಣ ಇಲ್ಲದಿದ್ದರೆ ಈ ಕೋಶ ಕಾಣೋದು ಕಷ್ಟ, ಅಷ್ಟು ತೆಳು, ಚಪ್ಪಟೆ. 10×ನಲ್ಲಿ ಹುಡುಕಿ, ನಡುವಿಗೆ ತಂದು, ಆಮೇಲೆ 40×ಗೆ ತಿರುಗಿಸಿದೆ. ಅಲ್ಲಿ ದೊಡ್ಡ ಗುಂಡಿ ಮುಟ್ಟಬಾರದು, ಸಣ್ಣ ಫೋಕಸ್ ಮಾತ್ರ. ಆ ಲೆನ್ಸಿಗೂ ಸ್ಲೈಡಿಗೂ ನಡುವೆ ಒಂದು ಮಿಲಿಮೀಟರೂ ಜಾಗ ಇರೋದಿಲ್ಲ. ನೀಲಿ ಕೋಶ, ನಡುವೆ ಗಾಢ ಚುಕ್ಕೆ, ಅಂಚು ಅಲ್ಲಲ್ಲಿ ಮಡಚಿಕೊಂಡಿತ್ತು. ಅದರ ಮೈಮೇಲೆ ಕಾಣುವ ಸಣ್ಣ ನೀಲಿ ಚುಕ್ಕೆಗಳು ಬಾಯಿಯ ಬ್ಯಾಕ್ಟೀರಿಯಾ ಅಂತ ಹೇಳಿದಾಗ ಅವಳ ಮುಖ ನೋಡಬೇಕಿತ್ತು! ಅಂಥ ಏಳೆಂಟು ಕೋಶ ಸಾಲಾಗಿ ಇಟ್ಟರೆ ದುಂಡು ತುಂಬುತ್ತದೆ ಅಂತ ಇಬ್ಬರೂ ಅಂದಾಜು ಮಾಡಿದೆವು. ಏಳೂವರೆ ಅಂತ ಇಟ್ಟುಕೊಂಡೆವು. 450 ಮೈಕ್ರಾನ್ ಅನ್ನು ಏಳೂವರೆಯಿಂದ ಭಾಗಿಸಿದರೆ 60 ಮೈಕ್ರಾನ್.

ಅಂದರೆ ನಾವು ನೋಡಿದ ಉಳ್ಳಾಗಡ್ಡಿ ಕೋಶದ ಉದ್ದ ಕೆನ್ನೆಯ ಕೋಶದ ಐದು ಪಟ್ಟು. ಅವಳು ಪೆನ್ಸಿಲ್ ಕೆಳಗಿಟ್ಟು ಕೇಳಿದಳು: “ಮತ್ತ ನನ್ನ ಚಿತ್ರದಾಗ ಯಾಕ ಹಂಗಿಲ್ಲ?”

ಅವಳ ಕೈಯಲ್ಲೇ ಸ್ಕೇಲ್ ಕೊಟ್ಟೆ. ಉಳ್ಳಾಗಡ್ಡಿ ಕೋಶದ ಚಿತ್ರ 9 ಸೆಂ.ಮೀ. ಉದ್ದ. ಅಂದರೆ 90,000 ಮೈಕ್ರಾನ್. ಅದನ್ನು ನಿಜವಾದ 300ರಿಂದ ಭಾಗಿಸಿದರೆ 300×. ಕೆನ್ನೆಯ ಕೋಶದ ಚಿತ್ರ 6 ಸೆಂ.ಮೀ. ಅಗಲ, 60,000 ಮೈಕ್ರಾನ್. 60ರಿಂದ ಭಾಗಿಸಿದರೆ 1000×. ಒಂದೂ 400 ಅಲ್ಲ. ಕೆನ್ನೆಯ ಚಿತ್ರಕ್ಕೆ 400× ಅನ್ನೋದು ನಿಜ ಆಗಿದ್ದರೆ ಆ ಕೋಶ 150 ಮೈಕ್ರಾನ್ ಇರಬೇಕಿತ್ತು. ಕೆನ್ನೆಯಲ್ಲಿ ಅಂಥ ಕೋಶ ಸಿಗೋದಿಲ್ಲ. ಎರಡನ್ನೂ 300×ನಲ್ಲೇ ಬಿಡಿಸಿದ್ದರೆ ಕೆನ್ನೆಯ ಕೋಶ ಬರೀ 1.8 ಸೆಂ.ಮೀ. ಬರುತ್ತಿತ್ತು, ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು.

ಐಪೀಸಿನ 10ನ್ನು ಆಬ್ಜೆಕ್ಟಿವ್‌ನ 40ರಿಂದ ಗುಣಿಸಿದರೆ ಬರುವ 400, ಕಣ್ಣಿಗೆ ಕಾಣುವ ಬಿಂಬದ ವರ್ಧನೆ. ಕಾಗದದ ಮೇಲೆ ಎಷ್ಟು ದೊಡ್ಡದಾಗಿ ಬಿಡಿಸಬೇಕು ಅನ್ನೋದು ಬಿಡಿಸುವವರ ಕೈಯಲ್ಲಿದೆ. ಅದೇ ಕೋಶವನ್ನು ಪುಟ ತುಂಬ ಬಿಡಿಸಬಹುದು, ಮೂಲೆಯಲ್ಲೂ ಬಿಡಿಸಬಹುದು. ಹಾಗಾಗಿ ಚಿತ್ರದ ವರ್ಧನೆ ಬೇಕಾದರೆ ಚಿತ್ರದ ಅಳತೆಯನ್ನು ನಿಜವಾದ ಅಳತೆಯಿಂದ ಭಾಗಿಸಬೇಕು, ಎರಡನ್ನೂ ಮೊದಲು ಒಂದೇ ಮಾನಕ್ಕೆ ತಂದುಕೊಂಡು. ಸೆಂಟಿಮೀಟರನ್ನು ನೇರ ಮೈಕ್ರಾನ್‌ನಿಂದ ಭಾಗಿಸಿ 0.03 ಅಂತ ಉತ್ತರ ಬರೆಯುವ ಮಕ್ಕಳಿದ್ದಾರೆ. ಚಿತ್ರ ನಿಜಕ್ಕಿಂತ ದೊಡ್ಡದಿದ್ದಾಗ ಉತ್ತರ ಒಂದಕ್ಕಿಂತ ಕಡಿಮೆ ಬಂದರೆ ಅಲ್ಲೇ ನಿಂತು ನೋಡಬೇಕು, ಅಲ್ವಾ?

ಅವಳು ಐಪೀಸಿಗೆ ಮೊಬೈಲ್ ಹಿಡಿದು ಫೋಟೋ ತೆಗೆದು, ಎರಡು ಬೆರಳಿನಿಂದ ದೊಡ್ಡದು ಮಾಡಿ, “ಈಗ ಎಷ್ಟು ಪಟ್ಟು?” ಅಂದಳು. ಬೆರಳು ಸರಿಸಿದಂತೆಲ್ಲ ಆ ಅಂಕಿ ಬದಲಾಗುತ್ತದೆ. ಅದಕ್ಕೇ ಫೋಟೋದಲ್ಲಿ ಪಟ್ಟಿನ ಅಂಕಿಗಿಂತ ಅಳತೆಯ ಗೆರೆ ಒಳ್ಳೆಯದು. 100 ಮೈಕ್ರಾನ್ ಅಂತ ಒಂದು ಗೆರೆ ಎಳೆದಿಟ್ಟರೆ, ಫೋಟೋ ಹಿಗ್ಗಿದರೆ ಗೆರೆಯೂ ಹಿಗ್ಗುತ್ತದೆ. ಪಠ್ಯಪುಸ್ತಕಗಳಲ್ಲಿ ಸಸ್ಯ ಕೋಶ, ಪ್ರಾಣಿ ಕೋಶ ಅಕ್ಕಪಕ್ಕ ಸಮ ಅಳತೆಯಲ್ಲಿ ನಿಂತಿರುತ್ತವೆ, ಕೆಳಗೆ ಗೆರೆಯೂ ಇಲ್ಲ, ಅಂಕಿಯೂ ಇಲ್ಲ. ನಾನೂ ಅಂಥ ಚಿತ್ರಗಳನ್ನೇ ನೋಡಿ ಬೆಳೆದವಳು. ಸಸ್ಯಕೋಶಕ್ಕೆ ಭಿತ್ತಿ ಇದೆ, ಪ್ರಾಣಿಕೋಶಕ್ಕೆ ಇಲ್ಲ ಅಂತ ಮಕ್ಕಳು ಬಾಯಿಪಾಠ ಹೇಳುತ್ತಾರೆ. ಒಂದರಲ್ಲಿ ಇನ್ನೊಂದು ಎಷ್ಟು ಹಿಡಿಸೀತು ಅಂದರೆ ಗೊತ್ತಿಲ್ಲ.

ರೆಕಾರ್ಡಿನಲ್ಲಿ ನನಗೆ ಬೇಜಾರು ತಂದ ಇನ್ನೊಂದು ಸಂಗತಿ ಇತ್ತು. “ವೀಕ್ಷಿಸಿದ ಚಿತ್ರ” ಅನ್ನೋ ತಲೆಬರಹದ ಕೆಳಗೆ ಉಳ್ಳಾಗಡ್ಡಿ ಕೋಶಕ್ಕೆ ಭಿತ್ತಿ, ಅದರ ಒಳಗೆ ಅಂಟಿಕೊಂಡು ಕೋಶಪೊರೆ ಅಂತ ಎರಡು ಗೆರೆ. ಜೊತೆಗೆ ಹಸಿರು ಬಣ್ಣದ ಕ್ಲೋರೋಪ್ಲಾಸ್ಟ್. ಉಳ್ಳಾಗಡ್ಡಿಯ ಒಳಪದರದ ಬಿಳಿ ಪೊರೆಯಲ್ಲಿ ಹಸಿರು ಎಲ್ಲಿಂದ ಬಂತು? ಇನ್ನು ಕೋಶಪೊರೆಯ ದಪ್ಪ ಮೈಕ್ರಾನ್‌ನ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಬೆಳಕಿನ ಮೈಕ್ರೋಸ್ಕೋಪ್ ಎಷ್ಟೇ ಒಳ್ಳೆಯದಿರಲಿ, 0.2 ಮೈಕ್ರಾನ್‌ಗಿಂತ ಹತ್ತಿರ ಇರುವ ಎರಡು ಗೆರೆ ಬೇರೆ ಬೇರೆಯಾಗಿ ಕಾಣೋದಿಲ್ಲ. ಕೋಶಪೊರೆ ಇದೆ ಅಂತ ತೋರಿಸಲು ಉಳ್ಳಾಗಡ್ಡಿಯಿಂದ ಹೊಸದಾಗಿ ಬಿಡಿಸಿದ ತೆಳು ಪದರವನ್ನು ಅಯೋಡಿನ್ ಇಲ್ಲದೆ ನೀರಿನಲ್ಲಿ ಇಟ್ಟು, ಕವರ್ ಸ್ಲಿಪ್ಪಿನ ಒಂದು ಬದಿಗೆ ಗಟ್ಟಿ ಉಪ್ಪುನೀರು ಬಿಟ್ಟು, ಇನ್ನೊಂದು ಬದಿಯಿಂದ ಟಿಶ್ಯೂ ಕಾಗದದಲ್ಲಿ ಹೀರಿಸಿದೆ. ಸ್ವಲ್ಪ ಹೊತ್ತಿಗೆ ಒಳಗಿನದ್ದೆಲ್ಲ ಕುಗ್ಗಿ ಭಿತ್ತಿಯಿಂದ ಬಿಟ್ಟುಕೊಂಡಿತು. ಆಗ ಕಂಡದ್ದೂ ಕೋಶಪೊರೆ ಅಲ್ಲ, ಕೋಶಪೊರೆ ಹಿಡಿದಿಟ್ಟ ಅಂಚು. ಅದನ್ನು ಅವಳು ಹಾಗೇ ಬಿಡಿಸಿಕೊಂಡಳು.

ಸಂಜೆ ಅಕ್ಕನ ಫೋನ್ ಬಂತು. “ಮೇಷ್ಟ್ರು ಬರದದ್ದು ತಿದ್ದಬ್ಯಾಡ್ರಿ, ಮಾರ್ಕ್ಸ್ ಕಟ್ ಆಗ್ತಾವು. ನಿನಗ ಯಾಕ ಬೇಕಿತ್ತು ಇದು?” ಅಕ್ಕ ಕೆಟ್ಟವಳಲ್ಲ, ಅವಳಿಗೆ ಮಗಳ ಮಾರ್ಕ್ಸ್ ಕಾಣುತ್ತದೆ. ಆದರೆ ಹುಡುಗಿ ತಾನೇ ಅಳೆದು ಹಾಕಿದ ಲೆಕ್ಕವನ್ನು ಬಚ್ಚಿಡಬೇಕು ಅನ್ನೋದು ನನಗೆ ಒಪ್ಪಿಗೆಯಾಗಲಿಲ್ಲ. ಕೆಂಪು 400×ನ ಪಕ್ಕದಲ್ಲಿ ಪೆನ್ಸಿಲಿನಲ್ಲಿ 300×, 1000× ಅಂತ ಬರೆದು, ಕೆಳಗೆ ಲೆಕ್ಕ ತೋರಿಸು ಅಂದೆ.

ಗುರುವಾರ ಮೇಷ್ಟ್ರೇ ಲ್ಯಾಬಿಗೆ ಬಂದರು. ನಾನು ಸಿಟ್ಟು ನಿರೀಕ್ಷಿಸಿದ್ದೆ, ಅವರು ಪೆನ್ನು-ಕಾಗದ ತಂದಿದ್ದರು. ಶಾಲೆಯಲ್ಲಿ ಇರೋದು ಒಂದೇ ಕಣ್ಣಿನ ಹಳೆ ಮೈಕ್ರೋಸ್ಕೋಪ್, ಐಪೀಸ್ ಮೇಲೆ 10× ಬಿಟ್ಟರೆ ಬೇರೆ ಅಂಕಿ ಇಲ್ಲವಂತೆ. ಇಡೀ ಕ್ಲಾಸಿಗೆ ಅದೊಂದೇ. ಇಷ್ಟು ಮಕ್ಕಳ ಸಾಲು ನಿಲ್ಲಿಸಿಕೊಂಡು 400 ಅಂತ ಬರೆದವರನ್ನು ನಾನು ದೂರಲಾರೆ.

“40× ಕೆಳಗ ಸ್ಕೇಲ್ ಇಟ್ರ ನಡೀತದೇನ್ರಿ ಮೇಡಂ?” ಅಂತ ಕೇಳಿದರು.

“ಬ್ಯಾಡ್ರಿ ಸರ್. ಸ್ಕೇಲ್ ದಪ್ಪ ಇರ್ತದ, ಲೆನ್ಸಿಗೆ ಬಡೀತದ. ಬಡೀಲಿಲ್ಲ ಅಂದ್ರೂ ಆ ದುಂಡಿನಾಗ ಒಂದು ಮಿಲಿಮೀಟರ್ ಪೂರ್ತಿ ಹಿಡಿಸಂಗಿಲ್ಲ.”

4×ನಲ್ಲಿ ಮಾತ್ರ ಅಳೆಯಿರಿ, ಉಳಿದದ್ದಕ್ಕೆ ಲೆಕ್ಕ ಹಾಕಿ ಅಂದೆ. 4×ನಲ್ಲಿ ಬಂದ ಅಗಲವನ್ನು 4ರಿಂದ ಗುಣಿಸಿ 40ರಿಂದ ಭಾಗಿಸಿದರೆ 40×ನ ಅಗಲ. ಅವರ ಐಪೀಸಿನಲ್ಲಿ ಅದು ನನ್ನ 4.5 ಆಗಿರಲೇಬೇಕು ಅಂತಿಲ್ಲ, 4 ಇರಬಹುದು, 5 ಇರಬಹುದು. ಒಂದು ಸಲ ಅಳೆದು, ಆ ಅಂಕಿಯನ್ನು ಕಾಗದದಲ್ಲಿ ಬರೆದು ಮೈಕ್ರೋಸ್ಕೋಪಿನ ಬುಡಕ್ಕೆ ಅಂಟಿಸಿದರೆ ಆಯ್ತು. ಅದೇ ಐಪೀಸ್ ಇರುವವರೆಗೂ ಅದು ಬದಲಾಗೋದಿಲ್ಲ. ಬರೆದುಕೊಂಡರು. ಹೋಗುವಾಗ ಮೆಥಿಲೀನ್ ಬ್ಲೂ ಒಂದು ಸಣ್ಣ ಬಾಟಲಿಯಲ್ಲಿ ಹಾಕಿಸಿಕೊಂಡು ಹೋದರು.