ಮಾಡುವರು, ಮಾಡುವೆ

ಅಕ್ಕನ ಮಗಳು ಕಾಲೇಜಿಗೆಂದು ಬಸವಣ್ಣನವರ ‘ಉಳ್ಳವರು ಶಿವಾಲಯ ಮಾಡುವರು’ ವಚನವನ್ನು ಇಂಗ್ಲಿಷಿಗೆ ತಂದಿದ್ದಳು. ಸುಮ್ನೆ ಎ.ಕೆ. ರಾಮಾನುಜನ್ ಅವರ 1973ರ ಅನುವಾದದ ಪಕ್ಕ ಇಟ್ಟು ನೋಡಿದೆ.

ಕನ್ನಡದಲ್ಲಿ ಉಳ್ಳವರು ‘ಮಾಡುವರು’, ಬಡವ ‘ನಾನೇನ ಮಾಡುವೆ’ ಅಂತಾನೆ. ಎರಡಕ್ಕೂ ಒಂದೇ ಮಾತು. ರಾಮಾನುಜನ್ ಮೊದಲು ‘ಮೇಕ್’, ಆಮೇಲೆ ‘ಡೂ’ ಅಂತಾರೆ. ಕೈಚೆಲ್ಲಿ ನಿಂತ ದನಿ ಉಳಿಯುತ್ತೆ, ಆದರೆ ಕೊಂಡಿ ಕಳಚುತ್ತೆ. ಇವಳು ಎರಡೂ ಕಡೆ ‘ಬಿಲ್ಡ್’ ಹಾಕಿದ್ದಾಳೆ. ಕೊಂಡಿ ಉಳಿಯಿತು, ಆದರೆ ಬಡವ ಮೇಸ್ತ್ರಿಯಾದ!

ಇನ್ನು ‘ಶಿರವೇ ಹೊನ್ನ ಕಳಶ’. ರಾಮಾನುಜನ್ ಕಳಶವನ್ನು ‘ಕ್ಯುಪೊಲಾ’ ಮಾಡಿದ್ದಾರೆ. ಅದು ಗುಮ್ಮಟ, ಕಳಶ ಇರೋದು ಅದರ ತುದಿಗೆ ಅಲ್ವಾ? ತಲೆಯ ಆಕಾರಕ್ಕೆ ಗುಮ್ಮಟ ಸರಿಯೇ, ಆದರೆ ಗುಡಿ ನಮ್ಮೂರಿನದಾಗಿ ಉಳಿಯಲ್ಲ. ಇವಳು ‘ಕಳಶ’ ಅಂತಲೇ ಬಿಟ್ಟಿದ್ದಾಳೆ. ನನಗೆ ಅದೇ ಹಿಡಿಸಿತು.