ಬರಿಸ್ಟಾ ಕೋರ್ಸ್‌ನ ಫೀಸು ವಾಪಸ್ ಬರುತ್ತಾ?

"ಅಣ್ಣ, ಮಡಿಕೇರಿ ರೆಸಾರ್ಟಲ್ಲಿ ಊಟ, ವಸತಿ ಜೊತೆಗೆ 14,000 ಸಿಗ್ತಿದೆ. ಬೆಂಗಳೂರಲ್ಲಿ ಕೆಫೆ ಕಾಫಿ ಮಾಡೋದು ಕಲಿಸುವ ಎರಡು ತಿಂಗಳ ಬರಿಸ್ಟಾ ಕೋರ್ಸ್‌ಗೆ 45,000 ಫೀಸು. ಮುಗಿದರೆ 25,000 ಸಂಬಳ ಅಂತಾರೆ. ಸೇರಲಾ?"

ಈ ಲೆಕ್ಕದಲ್ಲಿ ಸದ್ಯಕ್ಕೆ ಬೇಡ ತಮ್ಮಾ.

ಮೊದಲು ಖರ್ಚು ನೋಡೋಣ. ಆ ಎರಡು ತಿಂಗಳು ನಿನಗೆ ಸಂಬಳ ಇರೋದಿಲ್ಲ. ಅಲ್ಲಿಗೆ 28,000 ಹೋಯಿತು. ಪಿಜಿಗೆ ತಿಂಗಳಿಗೆ 8,000 ಹಿಡಿದರೂ 16,000. ಫೀಸು ಸೇರಿಸಿದರೆ ನಿಜವಾದ ಖರ್ಚು 89,000. ಸಾಲ ಮಾಡಿದರೆ ಬಡ್ಡಿ ಬೇರೆ.

ಇನ್ನು ಆ 25,000. ಅದು ಬೆಂಗಳೂರಿನ ಸಂಬಳ. ಪಿಜಿಗೆ 8,000, ಓಡಾಟಕ್ಕೆ 2,000 ಕಳೆದರೆ ಕೈಯಲ್ಲಿ ಉಳಿಯೋದು 15,000. ಈಗಿನದಕ್ಕಿಂತ ಜಾಸ್ತಿ ಆಗಿದ್ದು ಬರೀ ಒಂದು ಸಾವಿರ! ಹಾಕಿದ ದುಡ್ಡು ವಾಪಸ್ ಬರಲು ಏಳು ವರ್ಷ ದಾಟುತ್ತದೆ.

ಕೊಡಗಲ್ಲೇ ಊಟ, ವಸತಿ ಕೊಟ್ಟು 19,000 ಕೊಡುವವರು ಸಿಕ್ಕರು ಅಂತಿಟ್ಟುಕೋ. ಹೆಚ್ಚಳ 5,000 ಅಂತ ಬರೆದುಕೊಳ್ಳಬೇಡ. ಕೋರ್ಸ್ ಮಾಡದೆ ಇಲ್ಲೇ ಇದ್ದರೂ ಸಂಬಳ ಸ್ವಲ್ಪ ಏರುತ್ತಿತ್ತು ಅಲ್ವಾ? ಅದು 1,500 ಆದರೆ, ಕೋರ್ಸ್‌ನಿಂದ ಬಂದಿದ್ದು 3,500 ಮಾತ್ರ. ಅದೂ ಕೆಲಸ ಸಿಕ್ಕರೆ. ಹೋದ ವರ್ಷ ಕಲಿತವರ ಫೋನ್ ನಂಬರ್ ಕೇಳು. ಗೋಡೆ ಮೇಲೆ ಫೋಟೋ ಹಾಕಿರುವವರದ್ದಲ್ಲ, ಇಡೀ ಬ್ಯಾಚಿನದ್ದು. ಕೊಡಲು ಹಿಂದೇಟು ಹಾಕಿದರೆ ಅಲ್ಲೇ ಅನುಮಾನ ಪಡು. ಹತ್ತು ಜನರಲ್ಲಿ ಐವರು ಮಾತ್ರ ಈ ಕೆಲಸದಲ್ಲಿದ್ದರೆ, 3,500ರ ಅರ್ಧ, ಅಂದರೆ 1,750 ಅಂತ ಹಿಡಿ. ಆ 89,000 ಮತ್ತೆ ಕೈ ಸೇರಲು ನಾಲ್ಕು ವರ್ಷಕ್ಕೂ ಜಾಸ್ತಿ.

ನಾನು ಇಂಥ ಕೋರ್ಸ್‌ಗೆ ಎರಡು ವರ್ಷದ ಗಡುವು ಇಡುತ್ತೇನೆ. ಹಾಲು ನೊರೆ ಬರಿಸೋದು, ಎಸ್‌ಪ್ರೆಸೊ ಇಳಿಸೋದು ಮೆಷಿನ್ ಮುಂದೆ ನಿಂತವನಿಗೂ ಬರುತ್ತದೆ. ಅಷ್ಟರಲ್ಲಿ ಕೋರ್ಸ್ ಮಾಡಿದವನಿಗೂ ಮಾಡದವನಿಗೂ ಇರುವ ಸಂಬಳದ ಅಂತರ ಕರಗಿರುತ್ತದೆ.

ಕಲಿಯುವ ಆಸೆ ಇದ್ದರೆ ಮೊದಲು ನಿನ್ನ ಓನರ್ ಹತ್ತಿರ ಮಾತಾಡು. "ಸರ್, ಎಸ್‌ಪ್ರೆಸೊ ಮೆಷಿನ್ ಇಡ್ತೀರಾ? ನಾನು ಕಲಿತು ಬಂದರೆ ಸಂಬಳ ಎಷ್ಟು ಜಾಸ್ತಿ ಮಾಡ್ತೀರಿ?" ಅಂತ ನೇರವಾಗಿ ಕೇಳು. ಸಂಬಳ ಕೊಡುವವರ ಬಾಯಿಂದ ಬಂದ ಮೊತ್ತವನ್ನೇ ಲೆಕ್ಕಕ್ಕೆ ತಗೋ. ಅವರು 2,000 ಅಂದರೆ, ಮಳೆಗಾಲದಲ್ಲಿ ಪ್ರವಾಸಿಗರು ಕಡಿಮೆ ಇರುವಾಗ ಹತ್ತು ದಿನದ ಸಣ್ಣ ಕೋರ್ಸ್ ಹುಡುಕು. ಫೀಸು, ವಸತಿ, ಕಳೆದುಕೊಂಡ ಸಂಬಳ ಎಲ್ಲಾ ಸೇರಿ 20,000 ಒಳಗೆ ಮುಗಿದರೆ ಹತ್ತು ತಿಂಗಳಲ್ಲಿ ದುಡ್ಡು ವಾಪಸ್. ಅದಕ್ಕಾದರೆ ಧೈರ್ಯವಾಗಿ ಸೇರು.